ದಾಖಲೆಯಲ್ಲಿಲ್ಲದ ಎರಡು ತಿಂಗಳು

ನಾನು ಕೂರುತ್ತಿದ್ದ ಕುರ್ಚಿ ಕಂಪನಿಯದು, ನನಗೆ ಬರುತ್ತಿದ್ದ ಸಂಬಳ ಏಜೆನ್ಸಿಯದು. ಐದೂವರೆ ವರ್ಷ ಹೀಗೇ ನಡೆಯಿತು. ಬಾಗಲಕೋಟೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಸಿಮೆಂಟ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ, ಅಂದರೆ ಹಾಜರಿ ಕಚೇರಿಯಲ್ಲಿ, ಮೂರು ಮೇಜುಗಳಿದ್ದವು. ಎರಡರಲ್ಲಿ ಕಂಪನಿಯ ನೌಕರರು ಕೂರುತ್ತಿದ್ದರು, ಕಿಟಕಿ ಪಕ್ಕದ ಮೂರನೆಯದರಲ್ಲಿ ನಾನು. ಹೊರಗಿನಿಂದ ಬಂದವರಿಗೆ ಮೂವರೂ ಒಂದೇ. ವ್ಯತ್ಯಾಸ ಕೊರಳಿನ ಪಟ್ಟಿಯಲ್ಲಿತ್ತು. ಅವರದು ನೀಲಿ, ಅದರ ಮೇಲೆ ಕಂಪನಿಯ ಹೆಸರು. ನನ್ನದು ಹಸಿರು, ಅದರ ಮೇಲೆ ಹುಬ್ಬಳ್ಳಿಯ ಏಜೆನ್ಸಿಯ ಹೆಸರು.

ಪ್ಯಾಕಿಂಗ್ ವಿಭಾಗಕ್ಕೆ ಆಳು ಒದಗಿಸುವುದು ಆ ಏಜೆನ್ಸಿಯ ಗುತ್ತಿಗೆ. ನೂರಾ ಹತ್ತು ಜನರ ಹಾಜರಿ ಬರೆಯುವುದು, ತಿಂಗಳ ಕೊನೆಗೆ ಪಗಾರ ಪಟ್ಟಿ ಮಾಡುವುದು, ಭವಿಷ್ಯನಿಧಿ ಮತ್ತು ಇಎಸ್‌ಐ ಹಣ ಕಟ್ಟಿದ ರಸೀದಿಯನ್ನು ಕಂಪನಿಗೆ ತೋರಿಸುವುದು ನನ್ನ ಕೆಲಸ. ಏಜೆನ್ಸಿಯ ಮಾಲೀಕರು ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ಭವಿಷ್ಯನಿಧಿಯ ಜಾಲತಾಣದಲ್ಲಿ ಅವರ ಸಹಿಯಾಗಿ ಕೆಲಸ ಮಾಡುವ ಪುಟ್ಟ ಪೆನ್‌ಡ್ರೈವ್ ಒಂದಿತ್ತು. ಅದು ಅವರ ಹತ್ತಿರವೇ ಇರಬೇಕಾದ ವಸ್ತು. ನನ್ನ ಡ್ರಾಯರಿನಲ್ಲಿ, ಸ್ಟೇಪ್ಲರ್ ಪಿನ್ನಿನ ಡಬ್ಬಿಯ ಪಕ್ಕದಲ್ಲಿ ಇರುತ್ತಿತ್ತು. ಅದರ ಗುಪ್ತಪದ ನನಗೆ ಬಾಯಿಪಾಠವಾಗಿತ್ತು. ಬಹಳಷ್ಟು ಗುತ್ತಿಗೆದಾರರ ಗುಮಾಸ್ತರ ಡ್ರಾಯರಿನಲ್ಲಿ ಇಂಥದೊಂದು ಇರುತ್ತದೆ. ಇದನ್ನು ನೆಪವೆಂದು ಹೇಳುತ್ತಿಲ್ಲ, ಇದ್ದದ್ದು ಹೀಗೆ.

ನಾನು ಬರೆಯಬೇಕಾದದ್ದು ಒಬ್ಬ ಫಿಟರ್ ವಿಷಯ. ಇಳಕಲ್ಲಿನವರು, ಐಟಿಐ ಓದಿದವರು, ನನಗಿಂತ ಎರಡು ವರ್ಷ ದೊಡ್ಡವರು. ಪ್ಯಾಕಿಂಗ್ ಯಂತ್ರದ ಎಂಟು ಬಾಯಿಗಳಲ್ಲಿ ಯಾವುದು ಚೀಲಕ್ಕೆ ತೂಕ ಕಡಿಮೆ ಹಾಕುತ್ತಿದೆ ಎಂಬುದನ್ನು ಅವರು ನೋಡಿ ಅಲ್ಲ, ಕೇಳಿ ಹೇಳುತ್ತಿದ್ದರು. ಕಂಪನಿಯ ಇಬ್ಬರು ಫಿಟರ್‌ಗಳಿದ್ದರು. ಯಂತ್ರ ನಿಂತಾಗ ಅವರೂ ಇವರನ್ನೇ ಕೂಗುತ್ತಿದ್ದರು. ಅದೇ ಸ್ಪ್ಯಾನರ್, ಅದೇ ಧೂಳು, ಅದೇ ಪಾಳಿ. ಅವರಿಗೆ ನೀಲಿ ಹೆಲ್ಮೆಟ್, ಇವರಿಗೆ ಹಳದಿ. ಬಾಗಲಕೋಟೆಯ ನವನಗರದಲ್ಲಿ ಮೂರು ಜನರ ಜೊತೆ ಒಂದು ಕೋಣೆಯಲ್ಲಿದ್ದು, ವಾರದ ರಜೆಗೆ ಮಾತ್ರ ಹುನಗುಂದದ ಮೇಲೆ ಹಾಯ್ದು ಊರಿಗೆ ಹೋಗುತ್ತಿದ್ದರು.

ಅವರು ಕೆಲಸಕ್ಕೆ ಸೇರಿ ನಾಲ್ಕು ವರ್ಷ ತುಂಬಿದ ಹೊತ್ತಿಗೆ ಒಂದು ಮಧ್ಯಾಹ್ನ ನನ್ನ ಕಿಟಕಿಯ ಹತ್ತಿರ ಬಂದು ನಿಂತರು.

"ಸಾಹೇಬ್ರ, ನಂದು ಪಿಎಫ್ ಎಷ್ಟ ಆಗೇತಿ ನೋಡ್ತೀರೇನ್ರಿ?"

ನನ್ನನ್ನು ಸಾಹೇಬ್ರ ಎಂದು ಕರೆಯುತ್ತಿದ್ದುದು ಅರ್ಧ ತಮಾಷೆಗೆ. ನನ್ನ ಪಗಾರ ಅವರ ಪಗಾರಕ್ಕಿಂತ ಮುನ್ನೂರು ರೂಪಾಯಿ ಕಡಿಮೆ ಎಂಬುದು ಅವರಿಗೂ ಗೊತ್ತಿತ್ತು.

ನೋಡಿದೆ. ಅವರ ಪಾಲು, ಮಾಲೀಕರ ಪಾಲು, ಪಿಂಚಣಿಯದು ಎಲ್ಲ ಸೇರಿ ಒಂದು ಲಕ್ಷ ಮೂವತ್ತೆಂಟು ಸಾವಿರದ ಆಸುಪಾಸು.

"ಅಷ್ಟೂ ತಗೀಬೇಕ್ರಿ," ಎಂದರು.

"ಯಾಕ ಅಣ್ಣಾ? ದವಾಖಾನಿ ಏನರ ಐತೇನು?"

"ಇಲ್ರಿ. ನಮ್ಮಾಕಿ ಇನ್ನೊಬ್ಬರ ಮಗ್ಗದಾಗ ಸೀರಿ ನೇಯ್ತಾಳ್ರಿ. ಹತ್ತು ವರ್ಷ ಆತು, ಕೂಲಿ ಮ್ಯಾಲೆ. ಮನ್ಯಾಗ ಸ್ವಂತ ಕುಣಿ ಮಗ್ಗ ಹಾಕಸ್ಬೇಕು. ಒಂದು ಹಳೇದು ಮಾರಾಟಕ್ಕ ಬಂದೈತಿ."

ಆಗಿನ ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಕೆಲಸದಲ್ಲಿ ಇದ್ದುಕೊಂಡೇ ಭವಿಷ್ಯನಿಧಿಯಿಂದ ಮುಂಗಡ ತೆಗೆಯಬೇಕೆಂದರೆ ಅದಕ್ಕೆ ಗೊತ್ತಾದ ಕಾರಣಗಳಿದ್ದವು. ಕಾಯಿಲೆಗೆ ಕೊಡುತ್ತಿದ್ದರು, ಐದು ವರ್ಷ ತುಂಬಿದ್ದರೆ ಮನೆಗೆ ಕೊಡುತ್ತಿದ್ದರು, ಏಳು ವರ್ಷವಾಗಿದ್ದರೆ ಮದುವೆಗೆ ಮತ್ತು ಮಕ್ಕಳ ಓದಿಗೆ ಕೊಡುತ್ತಿದ್ದರು. ಮಗ್ಗಕ್ಕೆ ಕೊಡುವ ನಿಯಮ ಯಾವ ಸಾಲಿನಲ್ಲೂ ಇರಲಿಲ್ಲ. ಪೂರ್ತಿ ಹಣ ಬೇಕೆಂದರೆ ಕೆಲಸ ಬಿಟ್ಟಿರಬೇಕು, ಬಿಟ್ಟು ಎರಡು ತಿಂಗಳು ಬೇರೆಲ್ಲೂ ಸೇರಿರಬಾರದು.

ಗುತ್ತಿಗೆ ಕೆಲಸಗಾರರಲ್ಲಿ ಇದಕ್ಕೊಂದು ರೂಢಿಯಿತ್ತು. ಗುಮಾಸ್ತನಿಗೆ ಹೇಳಿ 'ಬಿಟ್ಟ ತಾರೀಖು' ಹಾಕಿಸಿಕೊಳ್ಳುವುದು, ಎರಡು ತಿಂಗಳು ಪಟ್ಟಿಯಲ್ಲಿ ಹೆಸರಿಲ್ಲದೆ ಕೆಲಸ ಮಾಡುವುದು, ಹಣ ಬಂದ ಮೇಲೆ ಹೊಸದಾಗಿ ಸೇರಿದಂತೆ ಮತ್ತೆ ಹೆಸರು ಬರೆಸುವುದು. ನಾನು ಅದಕ್ಕೂ ಮುಂಚೆ ಮೂವರಿಗೆ ಮಾಡಿಕೊಟ್ಟಿದ್ದೆ. ಫಿಟರ್ ಇದನ್ನು ಕೇಳಿಕೊಂಡು ಬಂದವರಲ್ಲ. ದಾರಿ ತೋರಿಸಿದವನು ನಾನು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಬೇರೆ ರೀತಿ ನೆನಪಿಟ್ಟುಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ.

"ಇದರಿಂದ ಮುಂದ ಏನರ ತ್ರಾಸ ಆಗತೈತೇನ್ರಿ?" ಎಂದು ಅವರು ಕೇಳಿದರು.

"ಏನ್ ತ್ರಾಸ? ನಾವೇನ್ ಪರ್ಮನೆಂಟೇನ್ ಅಣ್ಣಾ, ಸರ್ವಿಸ್ ಹೋತು ಅಂತ ಅಳಾಕ?" ಎಂದೆ. ಇಬ್ಬರೂ ನಕ್ಕೆವು.

ಪೆನ್‌ಡ್ರೈವ್ ಹಚ್ಚಿ, ಅವರ ಹೆಸರಿನ ಮುಂದೆ ಆ ತಿಂಗಳ ಕೊನೆಯ ತಾರೀಖು ಹಾಕಿ, ಕಾರಣದ ಜಾಗದಲ್ಲಿ ರಾಜೀನಾಮೆ ಎಂದು ಆರಿಸಿದೆ. ಮಾಲೀಕರನ್ನು ಕೇಳಲಿಲ್ಲ. ನಮ್ಮ ಗುತ್ತಿಗೆ ತಲೆಗೆ ಇಷ್ಟು ಎಂದು ಇರಲಿಲ್ಲ, ಟನ್ನಿಗೆ ಇಷ್ಟು ಎಂದಿತ್ತು. ಹಾಗಾಗಿ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾದರೆ ಕಂಪನಿಯವರು ಗಮನಿಸುತ್ತಿರಲಿಲ್ಲ. ಆ ಎರಡು ತಿಂಗಳು ಫಿಟರ್ ಒಂದು ಪಾಳಿಯನ್ನೂ ತಪ್ಪಿಸಲಿಲ್ಲ. ಗೇಟಿನಲ್ಲಿ ಭದ್ರತೆಯವರ ಪುಸ್ತಕಕ್ಕೆ ದಿನಾ ಸಹಿ ಹಾಕಿ ಒಳಗೆ ಬಂದರು. ಅವರ ಪಗಾರವನ್ನು ನಾನು ಯಂತ್ರ ದುರಸ್ತಿ ಖರ್ಚು ಎಂದು ವೋಚರ್ ಬರೆದು ನಗದಾಗಿ ಕೊಟ್ಟೆ. ಆ ಎರಡು ತಿಂಗಳು ಅವರಿಗೆ ಇಎಸ್‌ಐ ವಿಮೆ ಇರಲಿಲ್ಲ. ಬೆಲ್ಟಿಗೆ ಕೈ ಸಿಕ್ಕಿದ್ದರೆ ಅವರು ಆ ಕಾರ್ಖಾನೆಯಲ್ಲಿ ಇರಲೇ ಇಲ್ಲ ಎಂದಾಗುತ್ತಿತ್ತು. ಆಗ ಅದು ನನಗೆ ಹೊಳೆಯಲಿಲ್ಲ. ಹಣ ಬಂದ ದಿನ ಅವರು ಅರ್ಧ ಕಿಲೋ ಕರದಂಟು ತಂದು ನನ್ನ ಮೇಜಿನ ಮೇಲಿಟ್ಟರು. ನನಗೆ ಹೆಮ್ಮೆಯಾಯಿತು.

ಅದಾಗಿ ಎರಡೂವರೆ ವರ್ಷದ ಮೇಲೆ ಕ್ಯಾಂಟೀನಿನ ಬಾಗಿಲಿಗೆ ಒಂದು ನೋಟಿಸು ಅಂಟಿಸಿದರು. ಗುತ್ತಿಗೆದಾರರ ಮೂಲಕ ದುಡಿಯುತ್ತಿರುವವರಲ್ಲಿ ಆರು ಜನರನ್ನು ಕಂಪನಿ ನೇರವಾಗಿ ತೆಗೆದುಕೊಳ್ಳಲಿದೆ. ಫಿಟರ್ ಇಬ್ಬರು, ಎಲೆಕ್ಟ್ರಿಷಿಯನ್ ಒಬ್ಬ, ಲ್ಯಾಬಿಗೆ ಇಬ್ಬರು, ಟೈಮ್ ಆಫೀಸಿಗೆ ಒಬ್ಬ. ವಯಸ್ಸು ಮೂವತ್ತೈದು ಮೀರಿರಬಾರದು. ಈ ಕಾರ್ಖಾನೆಯಲ್ಲಿ ನಿರಂತರ ಐದು ವರ್ಷದ ಸೇವೆ ಇರಬೇಕು. ಅದಕ್ಕೆ ಆಧಾರ ಭವಿಷ್ಯನಿಧಿಯ ಪಾಸ್‌ಬುಕ್.

ಆ ದಿನ ಕ್ಯಾಂಟೀನಿನಲ್ಲಿ ಊಟಕ್ಕಿಂತ ಮಾತೇ ಹೆಚ್ಚಾಗಿತ್ತು. ನಮ್ಮ ತಟ್ಟೆಗೆ ನಲವತ್ತು ರೂಪಾಯಿ, ಕಂಪನಿಯವರ ತಟ್ಟೆಗೆ ಹನ್ನೆರಡು. ಅದೇ ರೊಟ್ಟಿ, ಅದೇ ಪಲ್ಲೆ.

"ಲೇ ಫಿಟರ್, ನಾಳಿಂದ ನಿನಗ ಹನ್ನೆರಡು ರೂಪಾಯಿ ಹಸಿವು ಆಗತೈತಿ ನೋಡ," ಎಂದ ಒಬ್ಬ ಪ್ಯಾಕರ್.

"ಹಸಿವು ಅಷ್ಟ ಇರತೈತಿ, ರೊಟ್ಟಿ ಎರಡು ಜಾಸ್ತಿ ಹಾಕ್ಕೊಂತೇನಿ," ಎಂದರು ಫಿಟರ್.

"ನೀಲಿ ಹೆಲ್ಮೆಟ್ ಬಂದ ಮ್ಯಾಲೆ ನಮ್ಮ ಗುರ್ತ ಇಟ್ಕೊಳ್ಳೋ ಮಾರಾಯಾ."

"ನಿಂದು ಸಾಲ ಐತಲ್ಲ ನನ್ನ ಮ್ಯಾಲೆ, ಗುರ್ತ ಹೆಂಗ ಬಿಡಲಿ?"

ಎಲ್ಲರೂ ನಕ್ಕರು. ಇಬ್ಬರು ಫಿಟರ್ ಬೇಕೆಂದರೆ ಅದರಲ್ಲಿ ಒಬ್ಬರು ಇವರೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನನ್ನ ಹೊರತು. ನೋಟಿಸಿನ ಕೊನೆಯ ಸಾಲು ಓದುವಾಗಲೇ ಆ ಎರಡು ತಿಂಗಳು ನನಗೆ ನೆನಪಾಗಿದ್ದವು.

ಆ ಆರು ಜಾಗಗಳ ಅರ್ಥವೇನೆಂದು ಲೆಕ್ಕ ಹಾಕಲು ನನ್ನಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಎರಡೂ ಕಡೆಯ ಕಾಗದ ನನ್ನ ಕಣ್ಣ ಮುಂದೆ ಹಾಯುತ್ತಿತ್ತು. ನನ್ನ ಆಗಿನ ಪಗಾರ ಹದಿನಾಲ್ಕು ಸಾವಿರದ ಆರುನೂರು. ಭವಿಷ್ಯನಿಧಿ, ಇಎಸ್‌ಐ ಕಳೆದು ಕೈಗೆ ಹನ್ನೆರಡು ಸಾವಿರದ ಏಳುನೂರು ಚಿಲ್ಲರೆ. ಕಾನೂನಿನ ಕನಿಷ್ಠ ಕೂಲಿ ಏರಿದರೆ ಅದೂ ಏರುತ್ತಿತ್ತು, ಇಲ್ಲದಿದ್ದರೆ ಇಲ್ಲ. ನಮ್ಮ ದುಡಿಮೆಯ ಮೇಲೆ ಏಜೆನ್ಸಿ ತನ್ನ ಲಾಭ ಹಿಡಿಯುತ್ತಿತ್ತು. ಬೋನಸ್ಸು ಕಾನೂನು ಹೇಳಿದಷ್ಟೇ, ಶೇಕಡಾ ಎಂಟೂ ಮೂರನೇ ಒಂದು. ಕಂಪನಿಯ ನೇರ ನೌಕರನಿಗೆ ಆರಂಭದಲ್ಲೇ ಇಪ್ಪತ್ತೇಳು ಸಾವಿರ, ವರ್ಷಕ್ಕೊಮ್ಮೆ ಏರಿಕೆ, ಕಾರ್ಮಿಕ ಸಂಘದ ಒಪ್ಪಂದ, ಹೆಚ್ಚಿನ ಬೋನಸ್ಸು, ಕಾಯಿಲೆ ರಜೆ, ಅಪ್ಪ ಅಮ್ಮನಿಗೂ ಸಲ್ಲುವ ಆರೋಗ್ಯ ವಿಮೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ನಮ್ಮನ್ನು ಬಿಡಿಸಲು ಮೇಲ್ವಿಚಾರಕ ಏಜೆನ್ಸಿಗೆ ಒಂದು ಫೋನ್ ಮಾಡಿದರೆ ಸಾಕು, ನಾಳೆಯಿಂದ ಬರಬೇಡ ಎನ್ನುತ್ತಿದ್ದರು. ನೇರ ನೌಕರನನ್ನು ತೆಗೆಯಬೇಕೆಂದರೆ ನೋಟಿಸು ಕೊಡಬೇಕು, ವಿಚಾರಣೆ ಆಗಬೇಕು, ಅವನ ಮಾತು ಕೇಳಬೇಕು.

ಟೈಮ್ ಆಫೀಸಿನ ಒಂದು ಜಾಗಕ್ಕೆ ಅರ್ಹನಾಗಿದ್ದವನು ನಾನೊಬ್ಬನೇ. ನನ್ನ ಪಾಸ್‌ಬುಕ್ಕಿನಲ್ಲಿ ಒಂದು ತಿಂಗಳೂ ಬಿಟ್ಟುಹೋಗಿರಲಿಲ್ಲ.

ಅರ್ಹರ ಪಟ್ಟಿ ತಯಾರಿಸುವ ಕೆಲಸವೂ ನನ್ನದೇ. ಫಿಟರ್ ಹೆಸರಿನ ಮುಂದೆ ಎರಡು ಸೇರ್ಪಡೆ ತಾರೀಖುಗಳು ಬಂದವು, ನಡುವೆ ಎರಡು ತಿಂಗಳ ಬಿರುಕು. ಒಟ್ಟು ಆರೂವರೆ ವರ್ಷ, ಆದರೆ ನಿರಂತರವಾದದ್ದು ಎಂದರೆ ಎರಡು ವರ್ಷ ನಾಲ್ಕು ತಿಂಗಳು ಮಾತ್ರ. ಪಿಂಚಣಿ ಹಣವನ್ನೂ ತೆಗೆದದ್ದರಿಂದ ಆ ಮೊದಲಿನ ವರ್ಷಗಳು ಅಲ್ಲೂ ಅಳಿಸಿಹೋಗಿದ್ದವು. ನಾನು ಇದ್ದದ್ದನ್ನು ಇದ್ದಂತೆ ನಕಲು ಮಾಡಿದೆ. ಸಂಜೆ ಅವರಿಗೆ ಹೇಳಿದೆ.

ಅವರು ಪಟ್ಟಿಯ ಮೇಲೆ ಬೆರಳಿಟ್ಟರು. "ನಾ ಬಂದೇನಿ ಅಲ್ಲೇನ್ರಿ ಆವಾಗ? ದಿನಾ ಬಂದೇನಿ. ನಿಮಗ ಗೊತ್ತೈತಿ. ಅವರು ಕೇಳಿದರ ನೀವು ಹೇಳ್ತೀರಲ್ಲ?"

"ಹೇಳ್ತೇನಿ ಅಣ್ಣಾ," ಎಂದೆ.

ಹೇಳುತ್ತೇನೆ ಎಂದಾಗ ನಿಜವಾಗಿಯೂ ಹೇಳುವ ಮನಸ್ಸಿತ್ತೇ ಎಂದು ಈಗ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಇತ್ತು ಅನ್ನಿಸುತ್ತದೆ. ಅದರ ಮೇಲೆ ಹೆಚ್ಚು ಭಾರ ಹಾಕಲಾರೆ.

ಸಂದರ್ಶನದ ದಿನ ನನ್ನದು ಬೆಳಿಗ್ಗೆಯೇ ಮುಗಿಯಿತು. ಹತ್ತು ನಿಮಿಷ ಆಗಿರಬಹುದು. ಸಿಬ್ಬಂದಿ ವಿಭಾಗದ ಅಧಿಕಾರಿ ಧಾರವಾಡದ ಕಡೆಯವರು, ಐವತ್ತು ದಾಟಿದ ಮೆತ್ತಗಿನ ಮನುಷ್ಯ. "ನಿಮ್ಮ ಕಾಗದಾ ಎಲ್ಲಾ ಸ್ವಚ್ಛ ಅದಾವ," ಎಂದು ಹೇಳಿ ಕಳಿಸಿದರು. ಮಧ್ಯಾಹ್ನ ಫಿಟರ್ ಸರದಿ. ಅವರು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಜವಾನ ಬಂದು ನನ್ನನ್ನು ಕರೆದ.

ಕೋಣೆಯಲ್ಲಿ ಮೂವರಿದ್ದರು. ಅಧಿಕಾರಿ, ಪಕ್ಕದಲ್ಲಿ ಪ್ಯಾಕಿಂಗ್ ವಿಭಾಗದ ಎಂಜಿನಿಯರ್, ಎದುರಿಗೆ ಫಿಟರ್. ಫಿಟರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಹೆಲ್ಮೆಟ್ ತೊಡೆಯ ಮೇಲಿತ್ತು. ನನಗೆ ಕೂರಲು ಹೇಳಲಿಲ್ಲ, ಹೇಳಲು ಮರೆತರು ಅನ್ನಿಸುತ್ತದೆ.

"ಇವರು ಟ್ರೇಡ್ ಟೆಸ್ಟಿನಾಗ ಎಲ್ಲಾರಕಿಂತ ಮುಂದ ಅದಾರ," ಎಂದರು ಅಧಿಕಾರಿ. "ಆದರ ಸರ್ವಿಸ್ ನಡುವ ಎರಡು ತಿಂಗಳು ಇಲ್ಲ. ಕೆಲಸಾ ಬಿಟ್ಟಿದ್ದಿಲ್ಲ ಅಂತಾರ. ನೀವ ಹಾಜರಿ ಇಡಾವರು. ಈ ಎರಡು ತಿಂಗಳು ಇವರು ಬರ್ತಿದ್ರೇನು?"

"ರೆಕಾರ್ಡ್ ಪ್ರಕಾರ ಇಲ್ರಿ ಸರ್."

"ರೆಕಾರ್ಡ್ ನಾನೂ ನೋಡೇನಿ. ಅದನ್ನ ಕೇಳಾಕ ನಿಮ್ಮನ್ನ ಕರಿಲಿಲ್ಲ. ನಿಮಗ ನೆನಪೈತೇನು ಅಂತ ಕೇಳಾಕತ್ತೇನಿ."

ನನಗೆ ಎರಡನೆಯ ಅವಕಾಶ ಸಿಕ್ಕಿತ್ತು ಎಂಬುದನ್ನು ಇಲ್ಲಿ ಬರೆದಿಡಬೇಕು. ಗಾಬರಿಯಲ್ಲಿ ಬಾಯಿ ತಪ್ಪಿ ಬಂದ ಮಾತಾಗಿದ್ದರೆ ಅದನ್ನು ಸರಿಪಡಿಸಲು ಆ ಮನುಷ್ಯ ತಾವಾಗಿಯೇ ಜಾಗ ಮಾಡಿಕೊಟ್ಟಿದ್ದರು. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಬಂದದ್ದು ಫಿಟರ್ ಅಲ್ಲ. ಮಾಲೀಕರ ಸಹಿಯನ್ನು ಕೇಳದೆ ಬಳಸಿದ್ದು, ಸುಳ್ಳು ವೋಚರ್, ಬೆಳಿಗ್ಗೆಯ 'ಕಾಗದಾ ಎಲ್ಲಾ ಸ್ವಚ್ಛ'. ಹೌದು ಎಂದರೆ ಮುಂದಿನ ಪ್ರಶ್ನೆ, ಹಾಗಿದ್ದರೆ ರಾಜೀನಾಮೆ ಎಂದು ಹಾಕಿದವರು ಯಾರು?

"ನೆನಪಿಲ್ರಿ ಸರ್," ಎಂದೆ.

ಫಿಟರ್ ನನ್ನ ಕಡೆ ತಿರುಗಿದರು. ಸಿಟ್ಟಿನಿಂದ ನೋಡಿದರು ಎಂದು ಬರೆದರೆ ನನಗೆ ಸುಲಭವಾಗುತ್ತದೆ. ಹಾಗೆ ನೋಡಲಿಲ್ಲ. ಯಂತ್ರದ ಯಾವ ಬಾಯಿ ತಪ್ಪುತ್ತಿದೆ ಎಂದು ಕಿವಿಗೊಟ್ಟಾಗ ಅವರ ಮುಖ ಹೇಗಿರುತ್ತಿತ್ತೋ ಹಾಗಿತ್ತು.

ಎಂಜಿನಿಯರ್ ಬಾಯಿ ಹಾಕಿದರು. "ಸರ್, ಗೇಟಿನಾಗ ಪುಸ್ತಕ ಇರತೈತಲ್ಲ, ತರಸೂಣೇನು? ನನಗೂ ಇಂವ ಬಿಟ್ಟಿದ್ದ ಅನ್ನೂದು ನೆನಪಿಲ್ಲ."

"ತರಸ್ರಿ," ಎಂದು ಅಧಿಕಾರಿ ಗಂಟೆಯ ಕಡೆ ಕೈ ಚಾಚಿದರು.

ಆಗ ಫಿಟರ್ ಹೇಳಿದರು. "ಬ್ಯಾಡ್ರಿ ಸರ್ರ. ನಂದ ತಪ್ಪು. ಕೆಲಸಾ ಬಿಟ್ಟಿದ್ನಿ. ಮನ್ಯಾಗ ಮಗ್ಗ ಹಾಕಸಾಕ ಹೋಗಿದ್ನಿ, ಎರಡು ತಿಂಗಳು ಊರಾಗ ಇದ್ನಿ. ಆಸೆಗೆ ಸುಳ್ಳ ಹೇಳಿದ್ನಿ."

ಅಧಿಕಾರಿಯ ಕೈ ಹಿಂದೆ ಸರಿಯಿತು. ಅವರು ಪೆನ್ನಿನ ಮುಚ್ಚಳ ತೆಗೆದು ಏನೋ ಬರೆದರು. "ಖರೆ ಹೇಳಿದ್ದು ಛಲೋ ಆತು," ಎಂದರು. ನನ್ನ ಕಡೆ ನೋಡಿ, "ನೀವು ಹೋಗ್ರಿ," ಎಂದರು.

ಹೊರಗೆ ನೀರಿನ ನಲ್ಲಿಯ ಹತ್ತಿರ ನಾನು ಕಾದು ನಿಂತೆ. ಅವರು ಬಂದು ಮುಖ ತೊಳೆದುಕೊಂಡರು.

"ಯಾಕ ಹಂಗಂದಿ ಅಣ್ಣಾ?"

"ಪುಸ್ತಕ ಬಂದಿದ್ದರ ನಿಮ್ಮದೂ ಹೋಗತಿತ್ತು, ನಂದೂ ಹೋಗತಿತ್ತು. ಕೆಲಸಾ ಬಿಟ್ಟೇನಿ ಅಂತ ಬರಕೊಟ್ಟು ಸರಕಾರದ ರೊಕ್ಕಾ ತಗೊಂಡಾಂವ ನಾನು. ನಿಮ್ಮ ನೌಕರಿಯರ ಆಗಲಿ ಬಿಡ್ರಿ." ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, "ಆದರ ಸಾಹೇಬ್ರ, ನೆನಪಿಲ್ಲ ಅನಬಾರದಿತ್ತು. ಬಿಟ್ಟಿದ್ದ ಅಂತ ನೇರ ಅಂದಿದ್ದರ ಇಷ್ಟು ಕೆಟ್ಟ ಅನಸ್ತಿರಲಿಲ್ಲ," ಎಂದರು.

ನಾನು ಏನು ಹೇಳಿದೆನೋ ನೆನಪಿಲ್ಲ. ಈ ಸಲ ನಿಜವಾಗಿಯೂ ನೆನಪಿಲ್ಲ.

ನೇಮಕಪತ್ರ ತಿಂಗಳೊಳಗೆ ಬಂತು. ಆರು ತಿಂಗಳು ಪರೀಕ್ಷಾರ್ಥ, ಆಮೇಲೆ ಕಾಯಂ. ಅದರಲ್ಲೊಂದು ಷರತ್ತಿತ್ತು. ಇದು ಹೊಸ ನೇಮಕ, ಗುತ್ತಿಗೆದಾರರ ಬಳಿ ಮಾಡಿದ ಹಿಂದಿನ ಸೇವೆಯನ್ನು ಯಾವ ಉದ್ದೇಶಕ್ಕೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾವ ಐದು ವರ್ಷಗಳನ್ನು ನೋಡಿ ನನ್ನನ್ನು ಆರಿಸಿದ್ದರೋ ಆ ಐದು ವರ್ಷಗಳನ್ನು ಸಹಿ ಹಾಕಿ ನಾನೇ ಬಿಟ್ಟುಕೊಟ್ಟೆ. ಭವಿಷ್ಯನಿಧಿಯ ಸಂಖ್ಯೆ ಮಾತ್ರ ಹಳೆಯದೇ ಮುಂದುವರಿಯಿತು. ಮೊದಲ ಪೂರ್ತಿ ತಿಂಗಳು ಕೈಗೆ ಇಪ್ಪತ್ನಾಲ್ಕು ಸಾವಿರದ ಏಳುನೂರು ಬಂತು. ಬಾದಾಮಿಯಲ್ಲಿದ್ದ ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವಳು ಬನಶಂಕರಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು. ಆ ವರ್ಷ ಕಂಪನಿಯ ವಿಮೆಯಲ್ಲಿ ಅವಳ ಕಣ್ಣಿನ ಪೊರೆ ತೆಗೆಸಿದೆವು. ನನ್ನ ಕೈಯಿಂದ ಒಂದು ರೂಪಾಯಿ ಹೋಗಲಿಲ್ಲ. ಅವಳು ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿಸಿಕೊಂಡು ನನ್ನ ಮುಖ ನೋಡಿ, "ಈಗ ಛಲೋ ಕಾಣಸ್ತಿ," ಎಂದಾಗ ನಾನು ಬೇರೆ ಕಡೆ ನೋಡಿದೆ.

ಫಿಟರ್ ಹಳದಿ ಹೆಲ್ಮೆಟ್ಟಿನಲ್ಲೇ ಉಳಿದರು. ಹೊಸದಾಗಿ ನೀಲಿ ಹೆಲ್ಮೆಟ್ ಪಡೆದ ಇಬ್ಬರಲ್ಲಿ ಒಬ್ಬನಿಗೆ ಯಂತ್ರದ ಕೆಲಸ ಕಲಿಸಿದ್ದು ಅವರೇ. ಈಗ ಆ ಹುಡುಗ ಇವರ ಕೆಲಸ ಸರಿಯಾಗಿದೆ ಎಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ನನ್ನ ಕೆಲಸವೂ ಬದಲಾಗಿತ್ತು. ನಾನು ಮೇಜಿನ ಈಚೆಗೆ ಬಂದಿದ್ದೆ. ಏಜೆನ್ಸಿಯ ಹೊಸ ಗುಮಾಸ್ತ ತಿಂಗಳ ಪಟ್ಟಿ ತರುತ್ತಿದ್ದ, ಕಂಪನಿಯ ಪರವಾಗಿ ನಾನು ತಾಳೆ ನೋಡುತ್ತಿದ್ದೆ. ಪ್ರತಿ ತಿಂಗಳೂ ಅವರ ಹೆಸರಿನ ಮುಂದೆ ಟಿಕ್ ಹಾಕುತ್ತಿದ್ದೆ.

ಒಂದೂವರೆ ವರ್ಷದ ಮೇಲೆ ಎರಡನೆಯ ನೋಟಿಸು ಬರಲಿದೆ ಎಂಬುದು ಟೈಮ್ ಆಫೀಸಿನವನಾಗಿ ನನಗೆ ಮೊದಲೇ ತಿಳಿಯಿತು. ನಿಯಮ ಅದೇ. ಫಿಟರ್‌ಗೆ ಆಗ ಮೂವತ್ತೈದು ನಡೆಯುತ್ತಿತ್ತು. ಬಿರುಕಿನ ಈಚೆಗಿನ ಸೇವೆ ನಾಲ್ಕು ವರ್ಷ. ಐದು ತುಂಬುವ ಹೊತ್ತಿಗೆ ವಯಸ್ಸು ಮೀರಿರುತ್ತದೆ. ಇದು ಅವರ ಕೊನೆಯ ಅವಕಾಶ, ಅದೂ ಆ ಎರಡು ತಿಂಗಳು ಕೆಲಸದಲ್ಲಿದ್ದರು ಎಂದು ಯಾರಾದರೂ ಬರೆದುಕೊಟ್ಟರೆ ಮಾತ್ರ.

ನಾನು ಬರೆದೆ. ಒಂದು ಪುಟ. ರಾಜೀನಾಮೆ ಎಂದು ಹಾಕಿದವನು ನಾನು, ಸಲಹೆ ಕೊಟ್ಟವನು ನಾನು, ವೋಚರ್ ಬರೆದವನು ನಾನು, ಗೇಟಿನ ಪುಸ್ತಕ ನೋಡಿದರೆ ತಿಳಿಯುತ್ತದೆ ಎಂದು. ಸಹಿ ಮಾಡಿದೆ. ಅಧಿಕಾರಿಗೆ ಕೊಡುವ ಮುಂಚೆ ಅವರಿಗೆ ತೋರಿಸಬೇಕೆಂದು ಒಂದು ಭಾನುವಾರ ಇಳಕಲ್ಲಿಗೆ ಹೋದೆ.

ಅವರ ಮನೆಗೆ ನಾನು ಹೋದದ್ದು ಅದೇ ಮೊದಲು. ಪಡಸಾಲೆಯಲ್ಲಿ ಮಗ್ಗವಿತ್ತು. ಅವರ ಹೆಂಡತಿ ಕುಣಿಯೊಳಗೆ ಕಾಲು ಬಿಟ್ಟು ನೇಯುತ್ತಿದ್ದರು. ನನ್ನನ್ನು ಕಂಡು ಎದ್ದು ಚಹಾ ಮಾಡಿಕೊಂಡು ಬಂದರು. ಫಿಟರ್ ಕಾಗದವನ್ನು ಎರಡು ಸಲ ಓದಿ ಹೆಂಡತಿಯ ಕೈಗೆ ಕೊಟ್ಟರು. ಅವರು ನಿಂತುಕೊಂಡೇ ಓದಿದರು.

"ಇದನ್ನ ಆವತ್ತ ಕೇಳಿದಾಗ ಯಾಕ ಹೇಳಲಿಲ್ರಿ?" ಎಂದರು.

ನಾನು ಅಂಜಿಕೆಯಾಯಿತು ಎಂದೆ.

"ಈಗ ಅಂಜಿಕಿ ಇಲ್ಲೇನ್ರಿ? ಈಗ ನಿಮ್ಮ ನೌಕರಿ ಪಕ್ಕಾ ಆಗೇತಿ, ತಗೀಬೇಕಂದ್ರ ವಿಚಾರಣಿ ಮಾಡ್ತಾರ, ನಿಮ್ಮ ಮಾತ ಕೇಳ್ತಾರ. ಇವರನ್ನ ಯಾರು ಕೇಳ್ತಾರ? ಏಜೆನ್ಸಿಗೆ ಫೋನ್ ಹಚ್ಚತಾರ, ಮುಗೀತು."

"ಏ, ಮನಿಗೆ ಬಂದಾವರಿಗೆ ಹಂಗೆಲ್ಲಾ..." ಎಂದರು ಫಿಟರ್.

"ನಾ ಏನ್ ಸುಳ್ಳ ಹೇಳಿದ್ನಿ?"

ಅವರು ಸುಳ್ಳು ಹೇಳಿರಲಿಲ್ಲ. ನಾನೇ ಲೆಕ್ಕ ಹಾಕಿಟ್ಟಿದ್ದ ವ್ಯತ್ಯಾಸ ಅದು. ಆದರೆ ಕಾಗದ ಬರೆಯುವಾಗ ಅದು ನನ್ನನ್ನು ಕಾಯುತ್ತದೆ ಎಂಬುದನ್ನಷ್ಟೇ ನೋಡಿದ್ದೆ. ಫಿಟರ್ ಅವರನ್ನು ಕಾಯುವುದಿಲ್ಲ ಎಂಬುದು ತಲೆಗೆ ಬಂದಿರಲಿಲ್ಲ, ಅಥವಾ ಬರಗೊಟ್ಟಿರಲಿಲ್ಲ.

ಫಿಟರ್ ಕಾಗದವನ್ನು ಮಡಿಚಿ ನನ್ನ ಮುಂದಿಟ್ಟರು. "ಕೊಡಬ್ಯಾಡ್ರಿ. ಇದನ್ನ ಕೊಟ್ಟರ ಮೊದಲ ನನ್ನ ಸುಳ್ಳ ಹೊರಗ ಬರತೈತಿ. ಆ ಸಾಹೇಬ್ರ ಮುಂದ ನಾ ಎರಡು ಸಲ ಮಾತ ಬದಲಿಸಿದಂಗ ಆಗತೈತಿ. ಅಂಥಾವನ್ನ ಯಾರು ಪರ್ಮನೆಂಟ್ ಮಾಡ್ಕೊತಾರ? ಇದ್ದದ್ದೂ ಹೋಗತೈತಿ. ಇದ್ದಷ್ಟ ದಿನ ಇರ್ಲಿ."

ನಾನು ಒತ್ತಾಯ ಮಾಡಬೇಕಿತ್ತು. ನಿಮ್ಮ ಹೆಸರಿಗೆ ಕಳಂಕ ಬಾರದಂತೆ ಎಲ್ಲವೂ ನನ್ನ ಮೇಲೆ ಬರುವ ಹಾಗೆ ಬೇರೆ ಬರೆಯುತ್ತೇನೆ ಎನ್ನಬೇಕಿತ್ತು. ಕಾರ್ಮಿಕ ಸಂಘದವರನ್ನು ಕೇಳೋಣ, ಕಾರ್ಮಿಕ ಅಧಿಕಾರಿಯನ್ನು ಕೇಳೋಣ ಎನ್ನಬಹುದಿತ್ತು. ಅದೆಲ್ಲ ಬಸ್ಸಿನಲ್ಲಿ ವಾಪಸ್ಸು ಬರುವಾಗ ಹೊಳೆದದ್ದು. ಅಲ್ಲಿ ಕೂತಾಗ ನಾನು ಚಹಾ ಕುಡಿಯುತ್ತಿದ್ದೆ. ಕೈಯಲ್ಲಿದ್ದ ಚಹಾದ ರುಚಿ ಆಗಲೇ ನಾಲಿಗೆಗೆ ಹತ್ತಿದ್ದು. ನನಗೆ ಸಮಾಧಾನವಾಗಿತ್ತು. ಅವರ ಮನೆಯ ಪಡಸಾಲೆಯಲ್ಲಿ, ಅವರ ಎದುರಿಗೇ ಕೂತು. ಸಂದರ್ಶನದ ಕೋಣೆಯಲ್ಲಿ ಆಡಿದ ಮಾತಿಗಿಂತ ಇದು ನನ್ನನ್ನು ಹೆಚ್ಚು ತಿನ್ನುತ್ತದೆ. ಆ ಮಾತಿಗೆ ಹೆದರಿಕೆಯ ಕಾರಣವಾದರೂ ಇತ್ತು.

ಕಾಗದವನ್ನು ಕಿಸೆಗೆ ಹಾಕಿಕೊಂಡು ಎದ್ದೆ. ಫಿಟರ್ ಬಸ್ ನಿಲ್ದಾಣದವರೆಗೆ ಜೊತೆಗೆ ಬಂದರು. ದಾರಿಯಲ್ಲಿ ಯಂತ್ರದ ಬೇರಿಂಗ್ ವಿಷಯ ಮಾತಾಡಿದರು. ಹುನಗುಂದದ ಬಸ್ಸು ಬಂದು ನಿಂತ ಮೇಲೆ ಒಂದು ಪ್ರಶ್ನೆ ಕೇಳಿದರು.

"ಗ್ರಾಚ್ಯುಟಿ ಅಂತಾರಲ್ರಿ, ಏಜೆನ್ಸಿಯಿಂದ ನಮಗೂ ಬರತೈತೇನ್ರಿ?"

"ಬರತೈತಿ ಅಣ್ಣಾ. ಐದು ವರ್ಷ ಬಿಡದ ಮಾಡಿದ್ದರ."

"ನಂದು ಯಾವಾಗಿಂದ ಹಿಡಿತಾರ?"

ಅವರು ನಿಜವಾಗಿ ದುಡಿದದ್ದು ಎಂಟು ವರ್ಷ. ಒಂದು ದಿನವೂ ನಿಂತಿರಲಿಲ್ಲ. ಕಾನೂನು ಕೇಳುವುದು ನಿಜವಾಗಿ ದುಡಿದದ್ದನ್ನೇ. ಆದರೆ ಗೇಟಿನ ಪುಸ್ತಕ ಬಿಟ್ಟರೆ ಅದನ್ನು ತೋರಿಸುವ ಕಾಗದ ಒಂದೇ ಒಂದಿತ್ತು, ಅದು ನನ್ನ ಕಿಸೆಯಲ್ಲಿತ್ತು.

"ಎರಡನೇ ಸಲ ಸೇರಿದಾಗಿಂದ," ಎಂದೆ.

ಅವರು ಬೆರಳು ಮಡಿಚಿ ಎಣಿಸಿದರು. "ಹಂಗಾರ ಇನ್ನ ಒಂದು ವರ್ಷ," ಎಂದರು. ನಾನು ಹೌದೆಂದೆ. ಕಂಡಕ್ಟರ್ ಸೀಟಿ ಊದಿದ, ನಾನು ಹತ್ತಿಕೊಂಡೆ.